ಸದ್ದಿದೆ, ನೀರಿಲ್ಲ

ಅಡುಗೆಮನೆಯಲ್ಲಿ ಸದ್ದು ಮಾಡುವ ವಸ್ತುಗಳಿಗೆ ಸಾಮಾನ್ಯವಾಗಿ ಒಂದು ನಿಯತ್ತಿರುತ್ತದೆ. ಕುಕ್ಕರ್ ಕೂಗಿದರೆ ಒಳಗೆ ಏನೋ ಬೆಂದಿರುತ್ತದೆ, ಮಿಕ್ಸಿ ಅರಚಿದರೆ ಚಟ್ನಿ ಆಗಿರುತ್ತದೆ. ಗೋಡೆಗೆ ನೇತುಹಾಕಿದ ಆರ್‌ಒ ಫಿಲ್ಟರ್ ಮಾತ್ರ ಒಮ್ಮೊಮ್ಮೆ ಬೆಳಗಿನಿಂದ ಸಂಜೆಯವರೆಗೆ ಗುಂಯ್‌ಗುಟ್ಟುತ್ತಲೇ ಇರುತ್ತದೆ. ಟ್ಯಾಂಕ್ ತೆಗೆದು ನೋಡಿದರೆ ತಳದಲ್ಲಿ ಎರಡು ಲೋಟ ನೀರು. ಸಿಂಕಿಗೆ ಬಿಟ್ಟ ವೇಸ್ಟ್ ಪೈಪಿನಲ್ಲೂ ತೊಟ್ಟಿಲ್ಲ. ಆಗ ಮನೆಯವರು ಫೋನ್ ಮಾಡಿ ಹೇಳುವ ಮಾತು ಎಲ್ಲ ಕಡೆಯೂ ಒಂದೇ: “ಪಂಪ್ ಓಡ್ತಾ ಇದೆ, ನೀರು ಬರ್ತಾ ಇಲ್ಲ.” ಅತ್ತಲಿಂದ ಬರುವ ಉತ್ತರವೂ ಒಂದೇ: “ಪಂಪ್ ಹೋಗಿದೆ ಸಾರ್, ಬದಲಾಯಿಸ್ಬೇಕು.”

ಹತ್ತರಲ್ಲಿ ಹಲವು ಸಲ ಪಂಪ್ ನಿರಪರಾಧಿ. ಅದು ಹಾಗೆ ಗುಂಯ್‌ಗುಡುತ್ತಿರುವುದೇ ಒಂದು ಸಾಕ್ಷಿ, ಕೇಳಿಸಿಕೊಳ್ಳುವವರಿಲ್ಲ ಅಷ್ಟೆ.

ಆ ಸಾಕ್ಷಿ ಅರ್ಥವಾಗಬೇಕಾದರೆ ಡಬ್ಬದೊಳಗೆ ಕರೆಂಟು ನಡೆಯುವ ದಾರಿ ಗೊತ್ತಿರಬೇಕು. ಗೋಡೆಯ 230 ವೋಲ್ಟನ್ನು ಅಡಾಪ್ಟರ್ 24 ವೋಲ್ಟ್ ಡಿಸಿಗೆ ಇಳಿಸುತ್ತದೆ. ಮನೆಗಳಲ್ಲಿರುವ ಬಹುಪಾಲು ಯಂತ್ರಗಳಿಗೆ ಇದೇ ಲೆಕ್ಕ, ಕೆಲವಕ್ಕೆ 36 ವೋಲ್ಟ್, ಆದ್ದರಿಂದ ಲೇಬಲ್ ಓದಿಯೇ ಮುಂದುವರಿಯಬೇಕು. ಸಾಮಾನ್ಯವಾಗಿ ಆ ಕರೆಂಟು, ಟ್ಯಾಂಕ್ ತುಂಬಿದಾಗ ದಾರಿ ಕಡಿಯುವ ಫ್ಲೋಟ್ ಸ್ವಿಚ್ ದಾಟಿ, ಲೋ ಪ್ರೆಶರ್ ಸ್ವಿಚ್ ದಾಟಿ, ಆಮೇಲೆ ಎರಡಾಗಿ ಕವಲೊಡೆದು ಒಂದು ಪಂಪಿಗೆ, ಇನ್ನೊಂದು ಕರೆಂಟು ಬಂದಾಗ ಮಾತ್ರ ನೀರಿಗೆ ಬಾಗಿಲು ತೆರೆಯುವ ಸೊಲೆನಾಯ್ಡ್ ವಾಲ್ವಿಗೆ ಹೋಗುತ್ತದೆ. ಪ್ರೆಶರ್ ಸ್ವಿಚ್ಚು ಪೈಪಿನಲ್ಲಿ ನೀರಿನ ಒತ್ತಡ ಇದ್ದರೆ ಮಾತ್ರ ಒಳಗಿನ ಕಾಂಟ್ಯಾಕ್ಟ್ ಕೂಡಿಸುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಅಡಾಪ್ಟರ್ ಕರೆಂಟ್ ಕೊಟ್ಟರೂ ಈ ಸ್ವಿಚ್ ಒಪ್ಪದಿದ್ದರೆ ಪಂಪ್ ಉಸಿರೆತ್ತುವುದಿಲ್ಲ. ಅಂದರೆ ಪಂಪ್ ಗುಂಯ್‌ಗುಡುತ್ತಿದೆ ಎಂದಮೇಲೆ ಪೂಜಾರಿ ಪ್ರಸಾದ ಕೊಟ್ಟಾಗಿದೆ. ಇಲ್ಲವೇ, ಪೂಜಾರಿಯನ್ನೇ ಯಾರೋ ಹಿಂದೆ ಗುಡಿಯಿಂದ ಆಚೆ ಹಾಕಿದ್ದಾರೆ. ಈ ಎರಡನೆಯ ಸಾಧ್ಯತೆಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿನ ಒಂದು ಮೂರನೇ ಮಹಡಿಯ ಮನೆ ಎಂದಿಟ್ಟುಕೊಳ್ಳಿ. ಅದೇ ಕೊನೆಯ ಮಹಡಿ, ನೆತ್ತಿಯ ಮೇಲೆಯೇ ತಾರಸಿಯ ಟ್ಯಾಂಕು. ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟುವಂಥದ್ದು. ಫಿಲ್ಟರ್ ಗುಂಯ್‌ಗುಡುತ್ತಿದೆ, ಶುದ್ಧ ನೀರೂ ಇಲ್ಲ, ವೇಸ್ಟ್ ನೀರೂ ಇಲ್ಲ. ಎರಡೂ ಇಲ್ಲದಿರುವುದು ಇಲ್ಲಿ ಮುಖ್ಯ. ವೇಸ್ಟ್ ಪೈಪಿನಲ್ಲಿ ಜೋರಾಗಿ ಹೋಗುತ್ತಿದ್ದು ಟ್ಯಾಂಕಿಗೆ ಮಾತ್ರ ಬೀಳದಿದ್ದರೆ ಅದು ನೀರನ್ನು ಸೋಸಿ ಶುದ್ಧ ಮಾಡುವ ಮೆಂಬ್ರೇನಿನ ಕಡೆಯ ಕಥೆ, ಅದು ಬೇರೆಯೇ.

ಮೊದಲು ಅಡಾಪ್ಟರ್. ಅದರ ಮೇಲಿನ ಹಸಿರು ದೀಪವನ್ನು ನಂಬಿ ಮೋಸಹೋದವರು ಬಹಳ. ಆ ದೀಪಕ್ಕೆ ಬೇಕಾದ ಕರೆಂಟು ಇರುವೆ ಊಟದಷ್ಟು. ಪಂಪಿಗೆ ಬೇಕಾದ್ದು ಒಂದು ಆಂಪಿಯರಿನ ಆಸುಪಾಸು. ಹಳತಾದ ಅಡಾಪ್ಟರಿನೊಳಗೆ ಕೆಪ್ಯಾಸಿಟರ್ ಒಣಗಿ ಸೊರಗಿದಾಗ, ಹೊರೆ ಇಲ್ಲದೆ ಅಳೆದರೆ ಮೀಟರು ಇಪ್ಪತ್ನಾಲ್ಕನ್ನೇ ತೋರಿಸುತ್ತದೆ. ಪಂಪ್ ಜೋಡಿಸಿದ ಕ್ಷಣ ಹದಿನಾಲ್ಕಕ್ಕೋ ಹದಿನೈದಕ್ಕೋ ಕುಸಿಯುತ್ತದೆ. ಅಷ್ಟರಲ್ಲಿ ಮೋಟಾರು ತಿರುಗುತ್ತದೆ, ಗುಂಯ್ ಅನ್ನುತ್ತದೆ, ಆದರೆ ಮೆಂಬ್ರೇನಿನ ಎದುರೊತ್ತಡವನ್ನು ಮೀರಿ ನೀರು ತಳ್ಳುವ ಕಸುವಿರುವುದಿಲ್ಲ. ಅದೇ ಬಡ ವೋಲ್ಟೇಜಿಗೆ ಸೊಲೆನಾಯ್ಡ್ ವಾಲ್ವು ಎದ್ದೇಳದೆಯೂ ಇರಬಹುದು. ಆದ್ದರಿಂದ ಅಳೆಯುವುದು ಯಾವಾಗಲೂ ಹೊರೆ ಇರುವಾಗ. ಮಲ್ಟಿಮೀಟರನ್ನು ಡಿಸಿ 200 ವೋಲ್ಟಿನ ಗುರುತಿಗೆ ತಿರುಗಿಸಿ, ಕನೆಕ್ಟರ್ ಬಿಚ್ಚದೆ ಅದರ ಬೆನ್ನಿನ ಕಡೆಯಿಂದ ಎರಡು ಕಡ್ಡಿಗಳನ್ನು ತಂತಿಗೆ ತಾಗಿಸಿ, ಪಂಪ್ ಓಡುತ್ತಿರುವಾಗಲೇ ಓದಬೇಕು. ಇಪ್ಪತ್ತೆರಡಕ್ಕಿಂತ ಮೇಲಿದ್ದರೆ ಅಡಾಪ್ಟರ್ ಆರೋಗ್ಯವಾಗಿದೆ.

ಕುಸಿದರೂ ತಕ್ಷಣ ಅದನ್ನು ಬೈಯಬಾರದು. ಒಳಗೆ ಬಿಗಿದುಕೊಂಡ ಪಂಪು ಮಿತಿಮೀರಿ ಕರೆಂಟ್ ಎಳೆದರೆ ಒಳ್ಳೆಯ ಅಡಾಪ್ಟರೂ ಬಾಗುತ್ತದೆ. ಆಗ ಅದರ ದೀಪ ಕಣ್ಣುಮಿಟುಕಿಸುವಂತೆ ಹತ್ತಿ ಆರಿ ಮಾಡುವುದುಂಟು. ಮೀಟರನ್ನು 10 ಆಂಪಿಯರಿನ ತೂತಿಗೆ ಹಾಕಿ ಪಂಪಿನ ತಂತಿಯ ನಡುವೆ ಸೇರಿಸಿದರೆ ಗುಟ್ಟು ಹೊರಬೀಳುತ್ತದೆ: ಪಂಪಿನ ಲೇಬಲ್ ಹೇಳಿದ್ದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ತಪ್ಪು ಪಂಪಿನದು. ಹೊಸ ಅಡಾಪ್ಟರ್ ತರುವಾಗ ವೋಲ್ಟ್ ಅದೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಲಿ. ಹಳೆಯದನ್ನು ಬಿಚ್ಚಿ ನೋಡುವ ಕುತೂಹಲ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್ ಸ್ವಲ್ಪ ಹೊತ್ತು ಸಿಟ್ಟನ್ನು ಹಿಡಿದಿಟ್ಟುಕೊಂಡಿರುತ್ತದೆ.

ನಮ್ಮ ಮೂರನೇ ಮಹಡಿಯಲ್ಲಿ ಮೀಟರು ಹೊರೆ ಇಲ್ಲದೆ 24.2, ಹೊರೆಯಲ್ಲಿ 23.6 ತೋರಿಸಿತು. ಅಡಾಪ್ಟರ್ ಪಾಸು.

ಮುಂದಿನ ಪರೀಕ್ಷೆಗೆ ಬೇಕಾದ್ದು ಒಂದು ಚೊಂಬು. ಸ್ವಿಚ್ ಆರಿಸಿ, ಇನ್‌ಲೆಟ್ ನಲ್ಲಿ ಮುಚ್ಚಿ, ಪಂಪಿಗೆ ನೀರು ತರುವ ಪೈಪನ್ನು ಕಳಚಬೇಕು. ಪಂಪಿನ ಆ ಬಾಯಿಗೆ ಒಂದು ತುಂಡು ಪೈಪ್ ಸಿಕ್ಕಿಸಿ ಅದರ ತುದಿಯನ್ನು ಫಿಲ್ಟರ್ ಆದ ನೀರಿನ ಚೊಂಬಿನೊಳಗೆ ಇಳಿಬಿಡಿ. ಪಂಪಿನಿಂದ ಹೊರಹೋಗುವ ಪೈಪನ್ನೂ ಮೆಂಬ್ರೇನಿನಿಂದ ಬಿಡಿಸಿ ಬಕೆಟ್ಟಿಗೆ ಹಾಕಿ. ಪ್ರೆಶರ್ ಸ್ವಿಚ್ಚಿಗೆ ಈಗ ಒತ್ತಡ ಸಿಗದೆ ಪಂಪ್ ಸುಮ್ಮನಾದರೆ, ಪರೀಕ್ಷೆಯ ಮಟ್ಟಿಗೆ ಮಾತ್ರ ಅದರ ಎರಡು ತಂತಿಗಳನ್ನು ಕೂಡಿಸಬಹುದು. ಈ ಡಯಾಫ್ರಾಮ್ ಪಂಪುಗಳು ತಾವೇ ನೀರನ್ನು ಎಳೆದುಕೊಳ್ಳಬಲ್ಲವು. ಚೊಂಬು ಕಣ್ಣೆದುರೇ ಖಾಲಿಯಾಗುತ್ತಾ ಬಕೆಟ್ಟಿಗೆ ಧಾರೆ ಬಿದ್ದರೆ ಪಂಪ್ ಗಟ್ಟಿ, ಮೇಲಿನಿಂದ ನೀರೇ ಬಂದಿಲ್ಲ. ಚೊಂಬು ಕದಲದಿದ್ದರೆ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ನೋಡಿ. ಚರ್ಮವನ್ನು ಹೀರಿ ಹಿಡಿಯದಿದ್ದರೆ ಒಳಗಿನ ರಬ್ಬರು ಹರಿದಿದೆ, ಆಗ ಫೋನಿನಲ್ಲಿ ಬಂದ ಉತ್ತರವೇ ಸರಿ.

ಇಲ್ಲಿ ಚೊಂಬು ಖಾಲಿಯಾಯಿತು. ಅಂದರೆ ಪಂಪು ಇಷ್ಟು ದಿನ ಗಾಳಿಯನ್ನೇ ಜಗಿಯುತ್ತಿತ್ತು.

ಈಗ ಪೂಜಾರಿಯ ವಿಷಯ. ಈ ಯಂತ್ರದಲ್ಲಿ ನೀರಿನ ದಾರಿಯಲ್ಲಿ ಪ್ರೆಶರ್ ಸ್ವಿಚ್ಚು ಇರುವುದು ಸೊಲೆನಾಯ್ಡ್ ವಾಲ್ವಿನ ನಂತರ, ಹಾಗಾಗಿ ವಾಲ್ವಿನ ಕರೆಂಟು ಈ ಸ್ವಿಚ್ ದಾಟದೆ ಫ್ಲೋಟ್ ಸ್ವಿಚ್ಚಿನಿಂದ ನೇರವಾಗಿ ಬರುತ್ತದೆ, ಸ್ವಿಚ್ಚು ಕಾಯುವುದು ಪಂಪನ್ನು ಮಾತ್ರ. ವಾಲ್ವು ಮುಚ್ಚಿಕೊಂಡಿದ್ದರೆ ಅದಕ್ಕೆ ಒತ್ತಡ ಸಿಗಬಾರದು, ಒತ್ತಡ ಇಲ್ಲದೆ ಪಂಪಿನ ಸದ್ದು ಬರಬಾರದು. ಆದರೂ ಸದ್ದು ಬರುತ್ತಿದೆ. ಹುಡುಕಿದರೆ ಡಬ್ಬದ ಹಿಂಭಾಗದಲ್ಲಿ, ಸ್ವಿಚ್ಚಿನ ಎರಡೂ ತಂತಿಗಳನ್ನು ಹೊಸೆದು ಕಪ್ಪು ಟೇಪ್ ಸುತ್ತಿ ಬಚ್ಚಿಟ್ಟ ಗಂಟು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಇದಕ್ಕೆ “ಡೈರೆಕ್ಟ್ ಮಾಡೋದು” ಅನ್ನುತ್ತಾರೆ.

ಯಾಕೆ ಮಾಡಿದರು ಎಂಬುದಕ್ಕೆ ತಾರಸಿಯೇ ಉತ್ತರ. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1.4 ಪಿಎಸ್‌ಐ. ಟ್ಯಾಂಕಿನ ನೀರಿನ ಮಟ್ಟದಿಂದ ಫಿಲ್ಟರಿನವರೆಗೆ ಮೂರೂವರೆ ಮೀಟರ್ ಸಿಕ್ಕರೆ ಐದು ಪಿಎಸ್‌ಐ. ಸಾಮಾನ್ಯ ಪ್ರೆಶರ್ ಸ್ವಿಚ್ಚು ಕೂಡಲು ಇದು ಅಷ್ಟಕ್ಕಷ್ಟೆ. ನೀರು ಡಬ್ಬಕ್ಕೆ ಬರುವ ಮೊದಲೇ ಕೊಳೆ ಸೋಸುವ ಹೊರಗಿನ ಕ್ಯಾಂಡಲ್ ಕೆಸರು ಹಿಡಿದರೆ ಇನ್ನೊಂದು ಆಟ ಶುರುವಾಗುತ್ತದೆ. ನೀರು ನಿಂತಿರುವಾಗ ಒತ್ತಡ ನಿಧಾನವಾಗಿ ಏರಿ ಸ್ವಿಚ್ಚು ಕೂಡುತ್ತದೆ, ಪಂಪ್ ಎಳೆದೊಡನೆ ಒತ್ತಡ ಬಿದ್ದು ಸ್ವಿಚ್ಚು ಬಿಡುತ್ತದೆ, ಮತ್ತೆ ಏರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಗುರ್, ಸುಮ್ಮನೆ, ಗುರ್, ಸುಮ್ಮನೆ. ಈ ಬಿಕ್ಕಳಿಕೆ ಕೇಳಿಸಿದರೆ ಕಣ್ಣುಮುಚ್ಚಿ ಹೇಳಬಹುದು, ಕ್ಯಾಂಡಲ್ ಬದಲಾಯಿಸಿ ಎಂದು. ಬದಲಾಯಿಸುವ ಬದಲು ಯಾರೋ ಸ್ವಿಚ್ಚನ್ನೇ ಡೈರೆಕ್ಟ್ ಮಾಡಿದರು. ಬಿಕ್ಕಳಿಕೆ ನಿಂತಿತು. ಜೊತೆಗೆ, ನೀರಿಲ್ಲದಾಗ ಪಂಪನ್ನು ತಡೆದು ನಿಲ್ಲಿಸುವವರೂ ಇಲ್ಲದಾದರು. ಬರೀ ಗಾಳಿಯಲ್ಲಿ ಗಂಟೆಗಟ್ಟಲೆ ಓಡಿದ ಪಂಪು ಕಾದು, ಒಳಗಿನ ರಬ್ಬರು ಬೇಗ ಸವೆದು, ಕೊನೆಗೆ ನಿಜವಾಗಿಯೂ ಕೆಡುತ್ತದೆ.

ಉಳಿದದ್ದು ಸೊಲೆನಾಯ್ಡ್ ವಾಲ್ವು, ಎಲ್ಲರೂ “ಎಸ್‌ವಿ” ಎನ್ನುವ ಬೆರಳುದ್ದದ ಬಿಳಿ ವಸ್ತು. ಕರೆಂಟ್ ಕೊಟ್ಟ ಕ್ಷಣ ಅದು ಟಕ್ ಅನ್ನಬೇಕು. ಅಡುಗೆಮನೆಯ ಗದ್ದಲದಲ್ಲಿ ಕೇಳದಿದ್ದರೆ ಕಬ್ಬಿಣದ ಸ್ಕ್ರೂಡ್ರೈವರ್ ತುದಿಯನ್ನು ಕಾಯಿಲ್ ಮೇಲೆ ಹಿಡಿಯಿರಿ, ಮೆಲ್ಲಗೆ ಎಳೆದಂತಾಗುತ್ತದೆ. ಎಳೆಯದಿದ್ದರೆ, ಕರೆಂಟ್ ಆರಿಸಿ ತಂತಿ ಬಿಡಿಸಿ ಕಾಯಿಲಿನ ರೆಸಿಸ್ಟೆನ್ಸ್ ಅಳೆಯಿರಿ. ಎಷ್ಟಿರಬೇಕೆಂಬ ಲೆಕ್ಕ ಲೇಬಲ್ಲಿನಲ್ಲೇ ಇದೆ: 24 ವೋಲ್ಟ್, 5 ವ್ಯಾಟ್ ಎಂದಿದ್ದರೆ 24ರ ವರ್ಗ 576, ಅದನ್ನು 5ರಿಂದ ಭಾಗಿಸಿದರೆ ಸುಮಾರು 115 ಓಮ್. ಮೀಟರು ಏನನ್ನೂ ತೋರಿಸದಿದ್ದರೆ ಕಾಯಿಲ್ ಒಳಗೆ ತುಂಡಾಗಿದೆ. ಓಡುವಾಗ ಕಾಯಿಲ್ ಬೆಚ್ಚಗಿರುವುದು ರೋಗವಲ್ಲ, ಬದುಕಿರುವ ಲಕ್ಷಣ.

ಮೂರನೇ ಮಹಡಿಯ ಎಸ್‌ವಿ ಟಕ್ ಅಂದಿತು, ಸ್ಕ್ರೂಡ್ರೈವರನ್ನೂ ಎಳೆಯಿತು. ಅದರ ಒಳಪೈಪಿನಲ್ಲಿ ನೀರು ಚಿಮ್ಮುತ್ತಿತ್ತು, ಹೊರಪೈಪಿನಲ್ಲಿ ಹನಿಹನಿ. ಕಾಯಿಲ್ ಕೆಲಸ ಮಾಡುತ್ತಿದೆ, ಬಾಯಿ ತೆರೆಯುತ್ತಿಲ್ಲ.

ಇದರ ಒಳಗಿನ ಜಾಣತನ ನೋಡುವಂಥದ್ದು. ಅಷ್ಟು ಸಣ್ಣ ಕಾಯಿಲ್ಲಿಗೆ ಇಡೀ ನೀರಿನ ದಾರಿಯನ್ನು ಎತ್ತುವ ಶಕ್ತಿಯಿಲ್ಲ. ಅದು ಎತ್ತುವುದು ರಬ್ಬರ್ ಪೊರೆಯ ನಡುವಿನ ಸೂಜಿಮೊನೆಯಂಥ ತೂತಿನ ಮುಚ್ಚಳವನ್ನು ಮಾತ್ರ. ಆ ತೂತಿನಿಂದ ಪೊರೆಯ ಮೇಲಿನ ಒತ್ತಡ ಸೋರಿಹೋದಾಗ, ಕೆಳಗಿನ ನೀರೇ ಪೊರೆಯನ್ನು ಎತ್ತಿಕೊಂಡು ನುಗ್ಗುತ್ತದೆ. ಬಾಗಿಲು ತೆರೆಯುವ ಕೆಲಸವನ್ನು ಅತಿಥಿಯ ಕೈಲೇ ಮಾಡಿಸಿದ ಹಾಗೆ. ನಡುವಿನ ಆ ತೂತಿಗೆ ಸುಣ್ಣ ಕಟ್ಟಿದರೆ ಟಕ್ ಅಂದರೂ ಬಾಗಿಲು ತೆರೆಯದು. ಪೊರೆಯ ಅಂಚಿನಲ್ಲಿ ಇನ್ನೊಂದು ಸಣ್ಣ ತೂತಿದೆ, ಅದು ಕಟ್ಟಿದರೆ ತೆರೆದ ಬಾಗಿಲು ಮುಚ್ಚದು, ರಾತ್ರಿಯಿಡೀ ವೇಸ್ಟ್ ಪೈಪ್ ತೊಟ್ಟಿಕ್ಕುತ್ತದೆ. ಇನ್ನು ನೀರಿನ ಒತ್ತಡವೇ ತೀರಾ ಕಮ್ಮಿ ಇರುವ ಮನೆಯಲ್ಲಿ ಪೊರೆ ಎತ್ತಲು ಅತಿಥಿಗೂ ತ್ರಾಣವಿರುವುದಿಲ್ಲ.

ನಾಲ್ಕು ಸ್ಕ್ರೂ ಬಿಚ್ಚಿದರೆ ಸ್ಪ್ರಿಂಗು, ಕಬ್ಬಿಣದ ಕಡ್ಡಿ, ಪೊರೆ ಈ ಕ್ರಮದಲ್ಲಿ ಬರುತ್ತವೆ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಆ ಸ್ಪ್ರಿಂಗಿಗೆ ಸಿಂಕಿನ ಮೇಲೆ ವಿಶೇಷ ಮೋಹ. ಪೊರೆಯನ್ನು ಅರ್ಧ ಗಂಟೆ ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ ಮೆತ್ತಗೆ ಉಜ್ಜಿ. ತೂತಿಗೆ ಸೂಜಿ ಚುಚ್ಚಬೇಡಿ, ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ಒಳಬಾಯಲ್ಲಿ ಜಾಲರಿ ಇದ್ದರೆ ಅದನ್ನೂ ತೊಳೆಯಿರಿ. ಮತ್ತೆ ಕೂರಿಸುವಾಗ ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗಿರಲಿ, ತಿರುಗಿಸಿ ಹಾಕಿದರೆ ಅದು ಸರಿಯಾಗಿ ಮುಚ್ಚುವುದಿಲ್ಲ. ರಬ್ಬರು ಗಡುಸಾಗಿದ್ದರೆ ಇಷ್ಟೆಲ್ಲ ಸೇವೆ ವ್ಯರ್ಥ, ಹೊಸ ಎಸ್‌ವಿಗೆ ಆಗುವ ಖರ್ಚು ಪಂಪಿನದಕ್ಕಿಂತ ಎಷ್ಟೋ ಕಮ್ಮಿ.

ಕಪ್ಪು ಟೇಪಿನ ಗಂಟನ್ನು ಬಿಚ್ಚಿ, ಪ್ರೆಶರ್ ಸ್ವಿಚ್ಚನ್ನು ಅದರ ಜಾಗಕ್ಕೆ ಮರಳಿ ಜೋಡಿಸಿ, ಹೊರಗಿನ ಕ್ಯಾಂಡಲ್ ಬದಲಾಯಿಸಿ ಇನ್‌ಲೆಟ್ ನಲ್ಲಿ ತೆರೆದರೆ ಮೊದಲ ಒಂದೆರಡು ನಿಮಿಷ ಪೈಪಿನೊಳಗಿನ ಗಾಳಿ ಬುಸುಗುಟ್ಟಿ ಹೋಗುತ್ತದೆ. ಆಮೇಲೆ ಪಂಪಿನ ದನಿ ಬದಲಾಗುತ್ತದೆ. ಗಾಳಿ ಜಗಿಯುವಾಗಿನ ತೆಳು ಗುಂಯ್ ಹೋಗಿ, ಹೊರೆ ಹೊತ್ತವನು ಏದುವ ಹಾಗೆ ದಪ್ಪಗೆ, ತುಸು ತಗ್ಗಿದ ಸ್ವರ. ಅಷ್ಟರಲ್ಲಿ ಸಿಂಕಿನ ಪೈಪಿನ ತುದಿ ಒಮ್ಮೆ ಕೊಡವಿಕೊಂಡು ನೀರು ಉಗುಳುತ್ತದೆ.