ಅವಾರ್ಡ್ ರದ್ದತಿ: ಕಿರಿದಾದ ದಾರಿ, ಜಗ್ಗದ ಗಡುವು

ಲಂಡನ್ನಿನಲ್ಲಿ ಕಟ್ಟಡ ಗುತ್ತಿಗೆಗಳ ವ್ಯಾಜ್ಯದ ಕಡತಗಳನ್ನು ನೋಡಿಕೊಳ್ಳುವ ನನಗೆ ಊರಿನವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಮಧ್ಯಸ್ಥಗಾರರು ಕೊಟ್ಟ ತೀರ್ಮಾನ, ಅಂದರೆ ಅವಾರ್ಡ್, ತಪ್ಪಾಗಿದ್ದರೆ ಅಪೀಲು ಹಾಕಬಹುದಲ್ಲವೇ? ಇಂಗ್ಲೆಂಡಿನಲ್ಲಿ, ಒಪ್ಪಂದದಲ್ಲಿ ಕೈಬಿಟ್ಟಿರದಿದ್ದರೆ, ಕಾನೂನಿನ ಪ್ರಶ್ನೆಯ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಭಾರತದಲ್ಲಿ ಅದಿಲ್ಲ. ಎರಡೂ ದೇಶಗಳ ಮಧ್ಯಸ್ಥಿಕೆ ಕಾಯ್ದೆ 1996ರದೇ ಆದರೂ, ನಮ್ಮಲ್ಲಿ ಉಳಿದಿರುವುದು 34ನೇ ಕಲಮಿನ ಕೆಳಗೆ ಅವಾರ್ಡ್ ರದ್ದುಪಡಿಸಲು ಕೋರುವ ಅರ್ಜಿಯೊಂದೇ.

ದಾವಣಗೆರೆಯಲ್ಲಿ ಗುತ್ತಿಗೆದಾರರಾಗಿರುವ ನನ್ನ ಸೋದರಮಾವನ ಪ್ರಕರಣವನ್ನೇ ನೋಡೋಣ. ಗೋದಾಮು ಕಟ್ಟಿಸಿಕೊಂಡ ಕಂಪನಿಯೊಂದರ ಜತೆಗಿನ ವ್ಯಾಜ್ಯದಲ್ಲಿ ಅವರ ಬಾಕಿ ಬಿಲ್ಲಿನ ಬೇಡಿಕೆ ತಿರಸ್ಕೃತವಾಗಿ, ಅವರೇ ಕಂಪನಿಗೆ ಹಣ ಕೊಡಬೇಕೆಂಬ ಅವಾರ್ಡ್ ಬಂದಿತ್ತು. ತಮ್ಮ ಅಳತೆಯ ಲೆಕ್ಕವನ್ನು ಬಿಟ್ಟು ಕಂಪನಿಯ ಎಂಜಿನಿಯರ್ ಬರೆದ ಅಳತೆಯನ್ನು ಮಧ್ಯಸ್ಥಗಾರರು ನಂಬಿದರು ಎಂಬುದು ಮಾವನ ದೊಡ್ಡ ಸಂಕಟವಾಗಿತ್ತು. ಸಂಕಟ ನಿಜವೇ, ಆದರೆ 34ನೇ ಕಲಮಿನ ಕೆಳಗೆ ಅದು ನಿಲ್ಲುವುದಿಲ್ಲ. ಸಾಕ್ಷ್ಯವನ್ನು ಮರುತೂಕ ಮಾಡಿ ಅವಾರ್ಡ್ ಅನ್ನು ರದ್ದು ಮಾಡಬಾರದು, ಕಾನೂನನ್ನು ತಪ್ಪಾಗಿ ಅನ್ವಯಿಸಿದ್ದಾರೆ ಎಂಬ ಮಾತಷ್ಟೇ ಸಾಲದು ಎಂದು 2015ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ದೇಶದೊಳಗಿನ ಅವಾರ್ಡಿನಲ್ಲಿ ಮೇಲ್ನೋಟಕ್ಕೇ ಕಾಣುವ ಅಕ್ರಮವಿರಬೇಕು, ಇಲ್ಲವೇ ವಂಚನೆ, ವ್ಯಾಪ್ತಿ ಮೀರಿದ ನಿರ್ಣಯ, ವಾದ ಮಂಡಿಸಲು ಅವಕಾಶ ಸಿಗದಿರುವುದು ಇಂಥ ಬುಡದ ದೋಷವಿರಬೇಕು.

ಅವಾರ್ಡ್ ಅನ್ನು ಸಾಲುಸಾಲಾಗಿ ಓದಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಕಂಪನಿ ಕೊಟ್ಟ ಸ್ಥಳ ಪರಿಶೀಲನಾ ವರದಿಯೊಂದನ್ನು ಮಧ್ಯಸ್ಥಗಾರರು ಆಧಾರವಾಗಿ ಇಟ್ಟುಕೊಂಡಿದ್ದರು. ಆ ವರದಿಯ ದಿನಾಂಕ ಅಂತಿಮ ವಿಚಾರಣೆ ಮುಗಿದ ನಂತರದ್ದು, ಅದರ ಪ್ರತಿ ಮಾವನಿಗೆ ಬಂದೇ ಇರಲಿಲ್ಲ. ಎದುರಾಳಿಯ ದಾಖಲೆಗೆ ಉತ್ತರ ಕೊಡುವ ಅವಕಾಶವೇ ಇಲ್ಲದೆ ತೀರ್ಮಾನವಾಗಿದ್ದರೆ ಅದು ಕಾಯ್ದೆ ಗುರುತಿಸುವ ಕಾರಣ. ಇದನ್ನು ಹೊಸ ಸಾಕ್ಷಿಗಳಿಂದಲ್ಲ, ಮಧ್ಯಸ್ಥಿಕೆಯ ಕಡತದಿಂದಲೇ ತೋರಿಸಬೇಕೆಂದು 2019ರ ತಿದ್ದುಪಡಿ ಹೇಳುವುದರಿಂದ, ವಿಚಾರಣೆಯ ದಿನಚರಿ ಹಾಳೆ ಮತ್ತು ವರದಿಯ ದಿನಾಂಕವನ್ನು ಅಕ್ಕಪಕ್ಕ ಇಟ್ಟು ತೋರಿಸುವುದೇ ಅರ್ಜಿಯ ಜೀವಾಳವಾಯಿತು.

ಇನ್ನು ಗಡುವು. ಮಧ್ಯಸ್ಥಗಾರರು ಸಹಿ ಮಾಡಿದ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಎದುರಾಳಿ ಕೊಟ್ಟ ಜೆರಾಕ್ಸ್ ಪ್ರತಿಯಿಂದ ದಿನಗಳು ಆರಂಭವಾಗುವುದಿಲ್ಲ. ಸಮರ್ಪಕ ಕಾರಣ ತೋರಿಸಿದರೆ ಇನ್ನೂ 30 ದಿನ ಸಿಗಬಹುದು, ಅದರಾಚೆಗೆ ಒಂದು ದಿನವೂ ಇಲ್ಲ. ವಿಳಂಬ ಮನ್ನಿಸುವ ಕಾಲಮಿತಿ ಕಾಯ್ದೆಯ 5ನೇ ಕಲಮು ಇಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ತೀರ್ಮಾನಿಸಿದೆ.

ಮಾವನಿಗೆ ಪ್ರತಿ ಬಂದದ್ದು ಜನವರಿ 10ರಂದು. ಮೂರು ತಿಂಗಳೆಂದರೆ 90 ದಿನವಲ್ಲ, ಪಂಚಾಂಗದ ತಿಂಗಳು. ಆದ್ದರಿಂದ ಗಡುವು ಏಪ್ರಿಲ್ 10, ಹೆಚ್ಚುವರಿ ಅವಧಿಯ ಕೊನೆ ಮೇ 10. "ಕೋರ್ಟಿಗೆ ಬೇಸಿಗೆ ರಜೆ ಬರುತ್ತಲ್ಲಪ್ಪ, ಬಾಗಿಲು ತೆರೆದ ದಿನ ಹಾಕಿದರಾಯ್ತು ಅಂತಾರೆ" ಎಂದು ಮಾವ ಫೋನಿನಲ್ಲಿ ಹೇಳಿದಾಗ ನನಗೆ ಗಾಬರಿಯಾಯಿತು. ಮೊದಲ ಮೂರು ತಿಂಗಳು ರಜೆಯಲ್ಲಿ ಮುಗಿದರೆ ಕೋರ್ಟು ತೆರೆದ ದಿನ ಸಲ್ಲಿಸಬಹುದು. ಆದರೆ ಮೂರು ತಿಂಗಳು ರಜೆಗೆ ಮುಂಚೆಯೇ ಮುಗಿದು ಹೆಚ್ಚುವರಿ 30 ದಿನ ರಜೆಯೊಳಗೆ ಮುಗಿದರೆ ಆ ರಿಯಾಯಿತಿ ಸಿಗುವುದಿಲ್ಲ. 2012ರಲ್ಲಿ ಹೇಳಿದ ಈ ಮಾತನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಮತ್ತೆ ಎತ್ತಿಹಿಡಿದಿದೆ. ಆ ಪ್ರಕರಣದಲ್ಲಿ ರಜೆ ಮುಗಿದ ಕೂಡಲೇ ಬಂದ ಅರ್ಜಿಯೂ ಉಳಿಯಲಿಲ್ಲ.

ಇಂಗ್ಲೆಂಡಿನ ಗಡುವು ಇನ್ನೂ ಬಿಗಿ, ಸಾಮಾನ್ಯವಾಗಿ 28 ದಿನ, ಅದೂ ಪ್ರತಿ ತಲುಪಿದ ದಿನದಿಂದಲ್ಲ, ಅವಾರ್ಡಿನ ದಿನಾಂಕದಿಂದ. ಆದರೆ ತಡ ಎಷ್ಟು, ಕಾರಣವೇನು, ಎದುರಾಳಿಗೆ ನಷ್ಟವಾಗುತ್ತದೆಯೇ ಎಂದು ತೂಗಿ ಅವಧಿ ವಿಸ್ತರಿಸುವ ಅಧಿಕಾರ ಅಲ್ಲಿನ ನ್ಯಾಯಾಧೀಶರಿಗಿದೆ. ಪ್ರತಿ ಕೈಸೇರಿದ ದಿನದಿಂದ ಎಣಿಸುವ ನಮ್ಮ ಪದ್ಧತಿಯೇ ನ್ಯಾಯವಾದದ್ದು, ಅದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ನ್ಯಾಯಾಲಯವೇ ರಜೆಯಲ್ಲಿದ್ದ ದಿನಗಳ ಭಾರವನ್ನು ಕಕ್ಷಿದಾರನ ಮೇಲೆ ಹೊರಿಸುವುದು ಅನ್ಯಾಯ. ತೀರ್ಪುಗಳ ಮಾತು ಇಷ್ಟು ಖಚಿತವಾಗಿರುವಾಗ ಇದನ್ನು ಸಂಸತ್ತೇ ಸರಿಪಡಿಸಬೇಕು. 30 ದಿನಗಳಿಗೂ ರಜೆಯ ರಿಯಾಯಿತಿ ಅನ್ವಯಿಸುತ್ತದೆ ಎಂಬ ಒಂದು ಸಾಲು ಸಾಕು.

ಮಾವನ ಅರ್ಜಿ ರಜೆಗೆ ಮುಂಚೆ, ಮೂರು ತಿಂಗಳೊಳಗೇ ದಾಖಲಾಯಿತು. ಅದರೊಂದಿಗೆ ತಡೆಯಾಜ್ಞೆಗೆ ಪ್ರತ್ಯೇಕ ಅರ್ಜಿಯನ್ನೂ ಸೇರಿಸಿದರು. ಏಕೆಂದರೆ 2015ರ ನಂತರ ಅವಾರ್ಡ್ ಪ್ರಶ್ನಿಸಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ, ನ್ಯಾಯಾಲಯ ತಡೆ ಕೊಡುವಾಗ ಹಣವನ್ನು ಠೇವಣಿ ಇಡಲು ಹೇಳುವುದೂ ಉಂಟು.