ಬಿಸ್ಕತ್ತು ಕಂಪನಿಯ ಗರಿಗರಿ ಲಾಭ

ಒಂದು ಬಿಸ್ಕತ್ತು ಕಂಪನಿಯ ವಾರ್ಷಿಕ ವರದಿ ಬಂದಿದೆ. ಹೆಸರು ಬೇಡ. ಮೊದಲ ಪುಟದಲ್ಲಿ ಅಧ್ಯಕ್ಷರ ನಗು. ಎರಡನೆಯದರಲ್ಲಿ ಗೋಧಿ ಹೊಲ. ಮೂರನೆಯದರಲ್ಲಿ ಗೋಧಿ ಹೊಲದೊಳಗೆ ಅಧ್ಯಕ್ಷರ ನಗು. ನಾಲ್ಕನೆಯದರಲ್ಲಿ ಅಂಗಡಿ ಬೋರ್ಡಿನಷ್ಟು ದಪ್ಪಕ್ಷರ: ಗ್ರಾಸ್ ಮಾರ್ಜಿನ್ ಶೇ 45.5, ನೆಟ್ ಮಾರ್ಜಿನ್ ಶೇ 10! ಮಾರಾಟದಲ್ಲಿ ಮಾಲಿನ ಖರ್ಚು ಮಾತ್ರ ಕಳೆದು ಉಳಿಯುವ ಪಾಲು ಗ್ರಾಸ್, ತೆರಿಗೆ ಸಮೇತ ಎಲ್ಲ ಖರ್ಚೂ ಕಳೆದ ಮೇಲೆ ಉಳಿಯುವುದು ನೆಟ್. ಲಾಭ-ನಷ್ಟದ ಪಟ್ಟಿ ಮಾತ್ರ ಎಲ್ಲೋ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ವರದಿಯ ಜೊತೆ ಒಂದು ಭೂತಗನ್ನಡಿ ಕೊಡಬಹುದಿತ್ತು.

ಮಾರಾಟದ ಆದಾಯ 200 ಕೋಟಿ, ಇತರ ಆದಾಯ 20 ಕೋಟಿ. ಕಚ್ಚಾ ಮಾಲಿಗೆ 118, ಕೊಂಡು ಮಾರಿದ ಸರಕಿಗೆ 10. ದಾಸ್ತಾನಿನ ವ್ಯತ್ಯಾಸ, ಬ್ರಾಕೆಟ್ಟಿನೊಳಗೆ 8. ಆ ಬ್ರಾಕೆಟ್ ಸುಮ್ನೆ ಅಲಂಕಾರಕ್ಕಲ್ಲ, ಕಳೆಯಿರಿ ಅಂತ ಅರ್ಥ. ಮಾರಾಟವಾಗದೆ ಗೋದಾಮಿನಲ್ಲಿ ಹೆಚ್ಚಾದ ಬಿಸ್ಕತ್ತಿನ ಖರ್ಚು ಈ ವರ್ಷದ್ದಲ್ಲ. ಅವಸರದಲ್ಲಿ ಕೂಡಿಸಿಬಿಟ್ಟರೆ ಗ್ರಾಸ್ ಮಾರ್ಜಿನ್ ಶೇ 32ಕ್ಕೆ ಕುಸಿದು, ಪಾಪ ಕಂಪನಿಗೇ ಅನ್ಯಾಯವಾಗುತ್ತದೆ.

ಸರಿಯಾಗಿ ಕಳೆದರೆ ಮಾಲಿನ ಖರ್ಚು 120. ಉಳಿದದ್ದು 80. ಅಂದರೆ ಶೇ 40. ಮತ್ತೆ 45.5 ಎಲ್ಲಿಂದ ಬಂತು? 200 ಇರಬೇಕಾದ ಕಡೆ, ಮಾಲಿನ ಖರ್ಚು ಕಳೆಯುವಾಗಲೂ ಆಮೇಲೆ ಭಾಗಿಸುವಾಗಲೂ 220 ಹಾಕಿದ್ದಾರೆ. ಆ ಹೆಚ್ಚಿನ 20 ಬ್ಯಾಂಕ್ ಡಿಪಾಸಿಟ್ಟಿನ ಬಡ್ಡಿ. ಬಡ್ಡಿಗೆ ಮೈದಾ ಬೇಡ, ಸಕ್ಕರೆ ಬೇಡ, ಪೂರ್ತಿ ಲಾಭವೇ. ಎಂಥ ರೆಸಿಪಿ!

ಕಾನೂನನ್ನು ದೂರಿ ಪ್ರಯೋಜನವಿಲ್ಲ. ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲಿನ ನಮೂನೆಯಲ್ಲಿ ಗ್ರಾಸ್ ಲಾಭ ಅನ್ನುವ ಸಾಲೇ ಇಲ್ಲ. ಕಾರ್ಖಾನೆಯ ಕೂಲಿ ನೌಕರರ ವೆಚ್ಚದಲ್ಲಿ ಅಡಗಿದೆ, ಕರೆಂಟ್ ಬಿಲ್ಲು ಇತರ ವೆಚ್ಚದಲ್ಲಿ. ಹಾಗಾಗಿ ನನ್ನ ಶೇ 40 ಕೂಡ ಸ್ವಲ್ಪ ಉಬ್ಬಿದ್ದೇ. ನೆಟ್ ಲಾಭಕ್ಕೆ ಆ ನೆಪವಿಲ್ಲ. ಆ ಅನುಪಾತವನ್ನು, ಯಾವುದನ್ನು ಯಾವುದರಿಂದ ಭಾಗಿಸಿದೆವು ಅನ್ನುವುದರ ಸಮೇತ ಹೇಳಬೇಕೆಂದು 2021ರ ತಿದ್ದುಪಡಿಯಲ್ಲೇ ಇದೆ.

ನೌಕರರಿಗೆ 30, ಸಾಲದ ಬಡ್ಡಿ 6, ಸವಕಳಿ 8, ಇತರ ವೆಚ್ಚ 36. ಮಾಲಿನ 120 ಸೇರಿ ಒಟ್ಟು 200. ತೆರಿಗೆಗೆ ಮುಂಚೆ 20 ಉಳಿಯಿತು. ಅದನ್ನೇ 200ರಿಂದ ಭಾಗಿಸಿ ಶೇ 10 ಅಂದುಬಿಟ್ಟರು. ಗ್ರಾಸ್‌ಗೆ 220, ನೆಟ್‌ಗೆ 200, ಯಾವುದರಲ್ಲಿ ಜಾಸ್ತಿ ಬರುತ್ತದೋ ಅದು! ಮುಂದಿನ ಸಾಲಿನಲ್ಲೇ 5 ಕೋಟಿ ತೆರಿಗೆ ಇದೆ. ಅದನ್ನು ಕಳೆದರೆ 15, ಅಂದರೆ ಶೇ 7.5.

ತೆರಿಗೆಗೆ ಮುಂಚಿನ ಲಾಭ 20. ಇತರ ಆದಾಯವೂ 20. ಅಂದರೆ ಬಿಸ್ಕತ್ತಿನಿಂದ ಬಂದದ್ದು ಸೊನ್ನೆ. ನಾಲ್ಕನೇ ಪುಟ ನಂಬಿ ನಿವೃತ್ತಿ ದುಡ್ಡು ಹಾಕಿದವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಆಡಿಟರ್ ಸಹಿ ಪಟ್ಟಿಗೆ, ದಪ್ಪಕ್ಷರದ ಪುಟಕ್ಕಲ್ಲ. ಎಲ್ಲರಿಗೂ ಗೊತ್ತು, ಎಲ್ಲರೂ ಸುಮ್ಮನಿದ್ದಾರೆ. ಸಾಕಾಗಿಹೋಗಿದೆ.

ಓವನ್ ಹಚ್ಚದೆ ಇದ್ದಿದ್ದರೂ ಆ ಬಡ್ಡಿ ಬರುತ್ತಿತ್ತು, ಅಲ್ವಾ?