ಸ್ಟೇಟಸ್ ನೋಡಿದವರೆಲ್ಲ ಕರೆಸಿಕೊಂಡವರಲ್ಲ

ಮಗಳಿಗೆ ವರ್ಷ ತುಂಬುವ ವಾರ ಪುಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕೂತು ವಾಟ್ಸ್ಯಾಪ್ ಸ್ಟೇಟಸ್ ಹಾಕಿದೆ. ‘ನಮ್ಮ ಪುಟ್ಟಿಗೆ ಒಂದು ವರ್ಷ. ಭಾನುವಾರ ಸಂಜೆ 5ಕ್ಕೆ ಮನೆಗೆ ಬನ್ನಿ, ಆರತಿ ಮಾಡಿ, ಊಟ ಮಾಡಿಕೊಂಡು ಹೋಗಿ.’ ಮರುದಿನದ ಹೊತ್ತಿಗೆ 94 ಜನ ನೋಡಿದ್ದರು. ಇನ್ನು ಕರೆಯುವ ಕೆಲಸ ಮುಗಿಯಿತು ಅಂದುಕೊಂಡೆ.

ಇಲ್ಲಿನ ಮರಾಠಿ ಗೆಳೆಯರಿಗೆ ಅಷ್ಟೇ ಸಾಕಾಯಿತು. ‘ನಕ್ಕಿ ಯೇತೋ, ಚೌಘೇ’ ಎಂದು ಒಬ್ಬ ಬರೆದ. ಖಂಡಿತ ಬರ್ತೀವಿ, ನಾಲ್ಕು ಜನ ಅಂತ. ಅಡುಗೆಯವಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ನಮ್ಮ ಕಡೆಯವರು ಮಾತ್ರ ಕೆಂಪು ಹೃದಯ, ಮುಗಿದ ಕೈ, ‘ಮಗೂಗೆ ದೇವರು ಒಳ್ಳೇದು ಮಾಡ್ಲಿ’ ಅಂತ ಕಳಿಸಿದರು. ಬರ್ತಾರೋ ಇಲ್ಲವೋ, ಯಾವುದೂ ಗೊತ್ತಾಗಲಿಲ್ಲ. ಮೂವತ್ತು ಎಲೆ ಹಾಕಬೇಕೋ ಐವತ್ತೋ?

ಶನಿವಾರ ರಾತ್ರಿ ಹುಬ್ಬಳ್ಳಿಯಿಂದ ಸೋದರತ್ತೆಯ ಫೋನು. ‘ಏನಪಾ, ನಿನ್ನ ತಮ್ಮ ಹೇಳಿದ ಮ್ಯಾಲ ಗೊತ್ತಾತು. ನನಗೇನೂ ಕಾಣಲೇ ಇಲ್ಲ. ಕಂಡಿದ್ರೂ ಬರ್ತಿದ್ದಿಲ್ಲ ಬಿಡು, ಊರಿಗೆಲ್ಲಾ ಡಂಗುರ ಹೊಡದಂಗ ಕರದ್ರ ನಾ ಬರೂದೇನು?’

ಕಾಣದಿದ್ದದ್ದಕ್ಕೆ ಕಾರಣ ಸಣ್ಣದು. ಸ್ಟೇಟಸ್ ಕಾಣಬೇಕಾದರೆ ಇಬ್ಬರ ಫೋನಿನಲ್ಲೂ ಇನ್ನೊಬ್ಬರ ನಂಬರು ಇರಬೇಕು. ಅತ್ತೆ ಹೊಸ ಸಿಮ್ ಹಾಕಿಸಿದ್ದು ನನ್ನಲ್ಲಿ ಸೇವ್ ಆಗಿರಲಿಲ್ಲ. 24 ಗಂಟೆ ಕಳೆದರೆ ಅದು ತಾನೇ ಹೋಗುತ್ತದೆ, ಗುರುವಾರ ಹಾಕಿದ್ದು ಶನಿವಾರ ಯಾರಿಗೂ ಇಲ್ಲ. ಅದರ ಮೇಲೆ, ಓದಿದ ಗುರುತನ್ನು ಆಫ್ ಮಾಡಿಟ್ಟವರ ಹೆಸರು ನೋಡಿದವರ ಪಟ್ಟಿಯಲ್ಲೇ ಬರುವುದಿಲ್ಲ. ಹಾಗಾಗಿ ಆ 94 ನನಗೆ ಏನನ್ನೂ ಹೇಳುತ್ತಿರಲಿಲ್ಲ.

ನಂಬರಿನ ಮಾತು ಸರಿಪಡಿಸಬಹುದು. ಅತ್ತೆಯ ಎರಡನೆಯ ಮಾತೇ ನಿಜವಾದದ್ದು. ಊರಲ್ಲಿ ಅಪ್ಪ ಅಮ್ಮ ಬಾಗಿಲಿಗೆ ಹೋಗಿ, ಹೆಂಗಸರಿಗೆ ಕುಂಕುಮ ಹಚ್ಚಿ, ಒಂದು ಲೋಟ ಚಹಾ ಕುಡಿದು ‘ಬರಲೇಬೇಕು’ ಅಂತ ಹೇಳಿ ಬರುತ್ತಿದ್ದರು. ಮರಾಠಿಯವರೂ ಆಮಂತ್ರಣ ಪತ್ರಿಕೆಯಲ್ಲಿ ‘ಆಗ್ರಹಾಚೆ ನಿಮಂತ್ರಣ’ ಅಂತಲೇ ಅಚ್ಚು ಹಾಕಿಸುತ್ತಾರೆ, ಒತ್ತಾಯದ ಕರೆ ಅಂತ. ಆದರೆ ಮನೆಯೊಳಗಿನ ಹುಟ್ಟುಹಬ್ಬಕ್ಕೆ ನನ್ನ ಗೆಳೆಯರು ಅಷ್ಟು ಬಿಗಿ ಹಿಡಿಯಲಿಲ್ಲ. ನಮ್ಮವರಿಗೆ ಹೆಸರು ಹಿಡಿದು ಕರೆಯದಿದ್ದರೆ ಕರೆದಂತಾಗುವುದಿಲ್ಲ. ನನಗಂತೂ ಅತ್ತೆಯದೇ ಸರಿ ಅನಿಸುತ್ತದೆ. ಸ್ಟೇಟಸ್ ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ.

ಆ ರಾತ್ರಿ ಹತ್ತೂವರೆವರೆಗೆ ಕೂತು ಹದಿನಾರು ಮನೆಗೆ ಫೋನು ಮಾಡಿದೆ. ಮೊದಲು ಹಿರಿಯರಿಗೆ, ಆಮೇಲೆ ಪುಣೆಯಲ್ಲೇ ಇರುವ ದಾಯಾದಿಗಳಿಗೆ. ಒಬ್ಬರೂ ‘ಎಷ್ಟು ಜನ ಬರ್ತೀವಿ’ ಅನ್ನಲಿಲ್ಲ, ‘ನೋಡೋಣ’ ಅಂದರು. ಭಾನುವಾರ ಮೂವತ್ತೆಂಟು ಜನ ಉಂಡರು, ಗೋಧಿ ಹುಗ್ಗಿ ತಳ ಕಂಡಿತು.

ಅತ್ತೆ ಬರಲಿಲ್ಲ. ಮುಂದಿನ ವಾರ ಬಂದಳು, ಕೈಯಲ್ಲಿ ಹೊಲಿದ ಕುಲಾಯಿ ಹಿಡಿದುಕೊಂಡು. ಪುಟ್ಟಿಯ ತಲೆಗೆ ಅದು ಬಿಗಿಯಾಯಿತು. ‘ಅಳತಿ ಕೇಳಿದ್ಯೇನು ನೀನು?’ ಅಂತ ನನಗೇ ಬೈದಳು.